ಒಂದು ಯೂನಿಟ್‌ಗೆ ಎಷ್ಟು ಬಿತ್ತು?

ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಚಿಕ್ಕ ಊರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿ ಒಂದು ಪುಟ್ಟ ವಿದ್ಯುತ್ ಘಟಕ ನಿಲ್ಲಿಸಿದರು. ಸೌದೆಯಿಂದ ಅನಿಲ ತೆಗೆದು, ಅದನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು, ಅಷ್ಟು ದಿನ ಕರೆಂಟಿಲ್ಲದಿದ್ದ ಊರಿಗೆ ದೀಪ ಹಚ್ಚುವ ಘಟಕ ಅದು. ಮುಂದೆ ಅದು 20 ಕಿಲೋವ್ಯಾಟ್‌ಗೆ ಬೆಳೆಯಿತು. ದೀಪದ ಜೊತೆಗೆ ನಲ್ಲಿಯಲ್ಲಿ ಕುಡಿಯುವ ನೀರೂ ಬಂತು. ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲದ ಅನುಭವವನ್ನು ಆ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಅದರಲ್ಲಿ ಎರಡು ಅಂಕಿಗಳಿವೆ. ಇಂಧನ, ನಡೆಸುವ ಖರ್ಚು, ನಿರ್ವಹಣೆ ಈ ಮೂರೂ ಸೇರಿ ಒಂದು ಯೂನಿಟ್ ವಿದ್ಯುತ್ತಿಗೆ ಬಿದ್ದದ್ದು, 5 ಕಿಲೋವ್ಯಾಟ್ ಲೋಡ್ ಇದ್ದಾಗ 5 ರೂಪಾಯಿ 85 ಪೈಸೆ, 20 ಕಿಲೋವ್ಯಾಟ್ ಲೋಡ್ ಇದ್ದಾಗ 3 ರೂಪಾಯಿ 34 ಪೈಸೆ.

ಊರು ಒಂದೇ, ಯಂತ್ರ ಒಂದೇ, ಸೌದೆ ತಂದ ಜಾಗವೂ ಒಂದೇ. ಬೇರೆಯಾಗಿದ್ದದ್ದು ಲೋಡ್ ಮಾತ್ರ. ಅಷ್ಟಕ್ಕೇ ಯೂನಿಟ್‌ನ ಖರ್ಚಿನಲ್ಲಿ ಎರಡೂವರೆ ರೂಪಾಯಿ ವ್ಯತ್ಯಾಸ. ಸ್ವಂತ ಬಳಕೆಗೆ ವಿದ್ಯುತ್ ತಯಾರಿಸಿಕೊಳ್ಳಬೇಕೆಂದು ಹೊರಟ ಪ್ರತಿ ಸಣ್ಣ ಕಾರ್ಖಾನೆಯ ಮಾಲೀಕರು ಮೊದಲು ನೋಡಬೇಕಾದದ್ದು ಈ ಎರಡು ಅಂಕಿಗಳನ್ನು. ಯಂತ್ರ ಮಾರಲು ಬಂದವರು "ಯೂನಿಟ್‌ಗೆ ಇಷ್ಟು ಬೀಳುತ್ತದೆ" ಎಂದು ಒಂದೇ ಅಂಕಿ ಹೇಳಿ ಹೋಗುತ್ತಾರೆ. ಯೂನಿಟ್‌ಗೆ ಒಂದೇ ಬೆಲೆ ಎಂಬುದು ಇರುವುದೇ ಇಲ್ಲ. ಆ ತಿಂಗಳು ಯಂತ್ರವನ್ನು ಹೇಗೆ ಓಡಿಸಿದಿರಿ ಎನ್ನುವುದರ ಮೇಲೆ ಆ ತಿಂಗಳ ಬೆಲೆ ನಿಲ್ಲುತ್ತದೆ.

ನಾಲ್ಕು ಖರ್ಚು, ನಾಲ್ಕು ಅಳತೆ

ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್‌ನ ಯಂತ್ರ ಒಂದು ಗಂಟೆ ಓಡಿದಾಗ ಖರ್ಚಾಗುವ ವಿದ್ಯುತ್. ತಿಂಗಳ ಒಟ್ಟು ಖರ್ಚನ್ನು ತಿಂಗಳ ಒಟ್ಟು ಯೂನಿಟ್‌ಗಳಿಂದ ಭಾಗಿಸಿದರೆ ಯೂನಿಟ್‌ನ ಬೆಲೆ ಸಿಗುತ್ತದೆ. ಭಾಗಾಕಾರ ಸುಲಭ. ಕಷ್ಟ ಇರುವುದು ಖರ್ಚುಗಳ ಸ್ವಭಾವದಲ್ಲಿ.

ಸೌದೆ ಅಥವಾ ಡೀಸೆಲ್ ಹೆಚ್ಚುಕಡಿಮೆ ಯೂನಿಟ್ ಲೆಕ್ಕದಲ್ಲಿ ಖರ್ಚಾಗುತ್ತದೆ. ಯೂನಿಟ್ ಹೆಚ್ಚಾದರೆ ಅದೂ ಹೆಚ್ಚು, ಕಡಿಮೆಯಾದರೆ ಅದೂ ಕಡಿಮೆ. ಎಂಜಿನ್ ಆಯಿಲ್, ಫಿಲ್ಟರ್, ಓವರ್‌ಹಾಲ್ ಇವು ಗಂಟೆಯ ಲೆಕ್ಕ. ಎಂಜಿನ್ ಎಷ್ಟು ಯೂನಿಟ್ ಕೊಟ್ಟಿತು ಎಂದು ಆಯಿಲ್ ಕೇಳುವುದಿಲ್ಲ, ಎಷ್ಟು ಗಂಟೆ ತಿರುಗಿತು ಎಂದಷ್ಟೇ ಕೇಳುತ್ತದೆ. ಆಪರೇಟರ್ ಸಂಬಳ ತಿಂಗಳ ಲೆಕ್ಕ. ಯಂತ್ರ ನಿಂತಿದ್ದರೂ ಒಂದನೇ ತಾರೀಖಿಗೆ ಕೊಡಲೇಬೇಕು. ಬ್ಯಾಂಕಿನ ಕಂತು ವರ್ಷಗಟ್ಟಲೆ ಬೆನ್ನಿಗೆ ಬೀಳುವಂಥದ್ದು, ಅದಕ್ಕೆ ಕಾರ್ಖಾನೆಯ ಸುಖದುಃಖ ಗೊತ್ತಿಲ್ಲ.

ಹೊಸಹಳ್ಳಿಯ ಎರಡು ಅಂಕಿಗಳನ್ನು ಈ ಕಣ್ಣಿನಿಂದ ಬಿಡಿಸಿ ನೋಡಬಹುದು. ಖರ್ಚಿನಲ್ಲಿ ಒಂದು ಭಾಗ ಗಂಟೆಗೆ ಇಷ್ಟೆಂದು ನಿಂತಿದೆ, ಇನ್ನೊಂದು ಭಾಗ ಯೂನಿಟ್‌ಗೆ ಇಷ್ಟೆಂದು ಏರಿಳಿಯುತ್ತದೆ ಎಂದು ಸರಳವಾಗಿ ಹಿಡಿದು ಲೆಕ್ಕ ಹಾಕಿದೆ. ಗಂಟೆಗೆ ಸುಮಾರು 16 ರೂಪಾಯಿ 70 ಪೈಸೆ, ಅದರ ಮೇಲೆ ಯೂನಿಟ್‌ಗೆ ಎರಡೂವರೆ ರೂಪಾಯಿ ಎಂದು ಬಂತು. ಗಂಟೆಯ ಆ 16.70 ರೂಪಾಯಿಯನ್ನು 20 ಯೂನಿಟ್ ಹಂಚಿಕೊಂಡರೆ ಪ್ರತಿಯೊಂದರ ಪಾಲಿಗೆ 84 ಪೈಸೆ ಬೀಳುತ್ತದೆ. 5 ಯೂನಿಟ್ ಮಾತ್ರ ಹಂಚಿಕೊಂಡರೆ ಪ್ರತಿಯೊಂದರ ಪಾಲು 3 ರೂಪಾಯಿ 34 ಪೈಸೆ. ಕಡಿಮೆ ಲೋಡಿನಲ್ಲಿ ಎಂಜಿನ್ ಇಂಧನವನ್ನೂ ಹೆಚ್ಚು ತಿನ್ನುತ್ತದೆ, ಹಾಗಾಗಿ ನಿಜಸ್ಥಿತಿ ಇಷ್ಟು ನೇರವಲ್ಲ. ಆದರೂ ಕೈಗೆ ಸಿಕ್ಕ ಎಳೆ ಸರಿಯಾದದ್ದೇ. ಅದನ್ನೇ ಹಿಡಿದು ಇಂದಿನ ದರದಲ್ಲಿ ಒಂದು ಸಣ್ಣ ಕಾರ್ಖಾನೆಯ ಲೆಕ್ಕ ಮಾಡೋಣ.

ತಿಪಟೂರು, ಅರಸೀಕೆರೆ ಕಡೆಯ ಒಂದು ತೆಂಗಿನ ನಾರಿನ ಕಾರ್ಖಾನೆ ಎಂದಿಟ್ಟುಕೊಳ್ಳಿ. ಇದು ಲೆಕ್ಕ ತಿಳಿಯಲು ಕಟ್ಟಿಕೊಂಡ ಉದಾಹರಣೆ. ಇಲ್ಲಿ ಹಿಡಿದ ದರಗಳ ಜಾಗದಲ್ಲಿ ನಿಮ್ಮೂರಿನ ದರ ಹಾಕಿಕೊಂಡು ಲೆಕ್ಕ ಮಾಡಿಕೊಳ್ಳಬಹುದು. ಕಾರ್ಖಾನೆಯಲ್ಲಿ 100 ಕಿಲೋವ್ಯಾಟ್‌ನ ಸೌದೆ ಗ್ಯಾಸಿಫೈಯರ್ ಮತ್ತು ಪೂರ್ತಿ ಅನಿಲದಲ್ಲೇ ಓಡುವ ಎಂಜಿನ್ ಇದೆ. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಎರಡು ಪಾಳಿ, ತಿಂಗಳಿಗೆ 25 ದಿನ, ಒಟ್ಟು 400 ಗಂಟೆ. ಸರಾಸರಿ ಲೋಡ್ 80 ಕಿಲೋವ್ಯಾಟ್. ಅಲ್ಲಿಗೆ ತಿಂಗಳಿಗೆ 32,000 ಯೂನಿಟ್.

ಭಾಗಿಸುವ ಅಂಕಿ ಯಾವುದು?

ಮೊದಲ ತಪ್ಪು ಇಲ್ಲೇ ಆಗುತ್ತದೆ. 32,000 ಯೂನಿಟ್ ಎಂದು ಹೇಳಿದ್ದು ಜನರೇಟರ್ ಪಕ್ಕದ ಮೀಟರ್. ಅಷ್ಟೂ ಕಾರ್ಖಾನೆಗೆ ಸಿಗುವುದಿಲ್ಲ. ಗ್ಯಾಸಿಫೈಯರ್ ಎಂಬ ಉರುಳೆಯಾಕಾರದ ಒಲೆಯಲ್ಲಿ ಸೌದೆ ಸಾಲದಷ್ಟು ಗಾಳಿಯಲ್ಲಿ ಬೇಯುತ್ತದೆ. ಪೂರ್ತಿ ಉರಿಯದೆ, ಉರಿಯಬಲ್ಲ ಅನಿಲವಾಗಿ ಹೊರಬರುತ್ತದೆ. ಆ ಬಿಸಿ ಅನಿಲವನ್ನು ಎಳೆಯಲು ಬ್ಲೋವರ್ ಬೇಕು, ತೊಳೆದು ತಣ್ಣಗೆ ಮಾಡಲು ನೀರಿನ ಪಂಪ್ ಬೇಕು, ಸೌದೆ ತುಂಡು ಮಾಡಲು ಕಟ್ಟರ್ ಬೇಕು, ಒಣಗಿಸಲು ಫ್ಯಾನ್ ಬೇಕು. ಇವೆಲ್ಲ ಸೇರಿ 10 ಕಿಲೋವ್ಯಾಟ್ ಎಂದು ಹಿಡಿದರೆ ತಿಂಗಳಿಗೆ 4,000 ಯೂನಿಟ್ ಘಟಕವೇ ನುಂಗಿಕೊಳ್ಳುತ್ತದೆ. ನಾರಿನ ಯಂತ್ರಗಳಿಗೆ ಮುಟ್ಟುವುದು 28,000 ಯೂನಿಟ್. ಭಾಗಿಸಬೇಕಾದದ್ದು ಇದರಿಂದ.

ಹಾಗಾಗಿ ಎರಡು ಮೀಟರ್ ಇರಲೇಬೇಕು. ಒಂದು ಜನರೇಟರ್ ಬಾಯಲ್ಲಿ, ಇನ್ನೊಂದು ಕಾರ್ಖಾನೆಗೆ ಹೋಗುವ ಪ್ಯಾನಲ್‌ನಲ್ಲಿ. ಎರಡರ ನಡುವಿನ ಅಂತರವೇ ಘಟಕದ ಸ್ವಂತ ಹೊಟ್ಟೆಪಾಡು. ಲೋಡ್ ಬದಲಾಗದಿದ್ದರೂ ಆ ಅಂತರ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಎಲ್ಲೋ ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಪಂಪ್ ಸವೆದಿದೆ ಎಂದು ತಿಳಿಯಬೇಕು.

ಸೌದೆಯೊಳಗಿನ ನೀರು

ಈ ಗಾತ್ರದ ಒಳ್ಳೆಯ ಘಟಕ ಒಂದು ಯೂನಿಟ್ ತಯಾರಿಸಲು ಸುಮಾರು 1.2 ಕಿಲೋ ಒಣ ಸೌದೆ ತಿನ್ನುತ್ತದೆ. ಸೌದೆ ಟನ್ನಿಗೆ 4,000 ರೂಪಾಯಿ, ಅಂದರೆ ಕಿಲೋಗೆ 4 ರೂಪಾಯಿ ಎಂದು ಹಿಡಿಯೋಣ. ಯೂನಿಟ್‌ಗೆ 4 ರೂಪಾಯಿ 80 ಪೈಸೆ. ಮಾರಾಟದ ಕಾಗದದಲ್ಲಿ ಸಾಮಾನ್ಯವಾಗಿ ಕಾಣುವುದು ಇಂಥ ಲೆಕ್ಕ. ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಒಲೆಗೆ ಹಾಕುವ ಸೌದೆಯೂ ವೇಬ್ರಿಡ್ಜ್ ಮೇಲೆ ತೂಗಿ ದುಡ್ಡು ಕೊಟ್ಟ ಸೌದೆಯೂ ಒಂದೇ ಅಲ್ಲ.

ಲಾರಿಯಲ್ಲಿ ಬಂದ ಸೌದೆ ಕಡಿದು ಹೆಚ್ಚು ದಿನವಾಗಿರುವುದಿಲ್ಲ. ಅದರ ತೂಕದಲ್ಲಿ ನೂರಕ್ಕೆ 35 ಭಾಗ ನೀರಿದೆ ಎಂದಿಟ್ಟುಕೊಳ್ಳಿ. ಗ್ಯಾಸಿಫೈಯರ್‌ಗೆ ಹಾಕುವಾಗ ತೇವ 20 ಭಾಗಕ್ಕಿಂತ ಕೆಳಗಿರಬೇಕು. 15 ಇದ್ದರೆ ಒಳ್ಳೆಯದು. ಒಂದು ಟನ್ ಹಸಿ ಸೌದೆಯನ್ನು 15ಕ್ಕೆ ಇಳಿಸಿದರೆ ಉಳಿಯುವುದು 765 ಕಿಲೋ. ಕತ್ತರಿಸುವಾಗ ಉದುರುವ ತೊಗಟೆ, ಪುಡಿ, ಸಿಬಿರು ನೂರಕ್ಕೆ ಐದು ಎಂದರೂ ಒಲೆಯ ಬಾಯಿಗೆ ತಲುಪುವುದು 727 ಕಿಲೋ. ದುಡ್ಡು ಕೊಟ್ಟದ್ದು ಸಾವಿರ ಕಿಲೋಗೆ.

ಈಗ ಮತ್ತೆ ಲೆಕ್ಕ. 32,000 ಯೂನಿಟ್‌ಗೆ ಒಣ ಸೌದೆ 38,400 ಕಿಲೋ ಬೇಕು. ಅಷ್ಟು ಬರಬೇಕಾದರೆ ಕೊಳ್ಳಬೇಕಾದದ್ದು ಸುಮಾರು 53 ಟನ್, ಅದಕ್ಕೆ 2,12,000 ರೂಪಾಯಿ. ಇದನ್ನು ಕಾರ್ಖಾನೆಗೆ ಮುಟ್ಟಿದ 28,000 ಯೂನಿಟ್‌ಗಳಿಂದ ಭಾಗಿಸಿದರೆ 7 ರೂಪಾಯಿ 57 ಪೈಸೆ. ಕಾಗದದ 4.80 ಎಲ್ಲಿ, ಅಂಗಳದ 7.57 ಎಲ್ಲಿ. ಯಾರೂ ಮೋಸ ಮಾಡಿಲ್ಲ. ಸೌದೆಯೊಳಗಿನ ನೀರು, ಕತ್ತರಿಸಿದ ಪುಡಿ, ಘಟಕದ ಸ್ವಂತ ಖರ್ಚು ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು, ಅಷ್ಟೆ.

ತೇವವನ್ನು ಅಳೆಯಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಲಾರಿಯ ಮೇಲ್ಭಾಗ, ನಡು, ತಳ ಮೂರೂ ಕಡೆಯಿಂದ ತುಂಡು ತೆಗೆದು, ಸಣ್ಣಗೆ ಸೀಳಿ, ಅರ್ಧ ಕಿಲೋ ತೂಗಿಡಬೇಕು. 105 ಡಿಗ್ರಿ ಶಾಖದ ಓವನ್‌ನಲ್ಲಿಟ್ಟು, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಬೇಕು. 500 ಗ್ರಾಂ ಇದ್ದದ್ದು 325 ಗ್ರಾಂ ಆಗಿ ನಿಂತರೆ 175 ಗ್ರಾಂ ನೀರಿತ್ತು, ಅಂದರೆ ನೂರಕ್ಕೆ 35. ಅನುಭವಸ್ಥ ಆಪರೇಟರ್ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡುತ್ತಾನೆ. ಒಣಗಿದ್ದು 'ಟಣ್' ಎನ್ನುತ್ತದೆ, ಹಸಿಯದ್ದು 'ದಪ್' ಎನ್ನುತ್ತದೆ. ಬಡಿದು ನೋಡುವುದು ದಿನದ ಕೆಲಸಕ್ಕೆ ಸಾಕು. ದುಡ್ಡು ಕೊಡುವ ಹೊತ್ತಿಗೆ ಮಾತ್ರ ತಕ್ಕಡಿಯ ಮಾತೇ ನಡೆಯಬೇಕು.

ಅದೇ ತಕ್ಕಡಿ ಕೊಳ್ಳುವ ಬುದ್ಧಿಯನ್ನೂ ಕಲಿಸುತ್ತದೆ. ಒಬ್ಬರು ನೂರಕ್ಕೆ 35 ತೇವದ ಸೌದೆಯನ್ನು ಟನ್ನಿಗೆ 4,000ಕ್ಕೆ ಕೊಡುತ್ತಾರೆ. ಇನ್ನೊಬ್ಬರು 20 ತೇವದ್ದನ್ನು 4,800ಕ್ಕೆ ಕೊಡುತ್ತಾರೆ. ಮೊದಲನೆಯದೇ ಅಗ್ಗ ಎನಿಸುವುದು ಸಹಜ. ನೀರು ಕಳೆದು ಬರೀ ಒಣ ಪದಾರ್ಥದ ಬೆಲೆ ನೋಡಿ. ಮೊದಲನೆಯದರಲ್ಲಿ ಕಿಲೋಗೆ 6 ರೂಪಾಯಿ 15 ಪೈಸೆ, ಎರಡನೆಯದರಲ್ಲಿ 6 ರೂಪಾಯಿ. ಒಣಗಿಸುವ ಕೆಲಸ ಉಳಿದದ್ದು ಲಾಭದ ಮೇಲೆ ಲಾಭ.

ಹಸಿ ಸೌದೆಯ ತೊಂದರೆ ದುಡ್ಡಿಗೇ ಮುಗಿಯುವುದಿಲ್ಲ. ಒಲೆಯ ಶಾಖವೆಲ್ಲ ನೀರು ಕಾಯಿಸುವುದರಲ್ಲೇ ಕಳೆದುಹೋಗಿ, ಒಳಗಿನ ಉಷ್ಣತೆ ಇಳಿಯುತ್ತದೆ. ಸೌದೆಯಿಂದ ಹೊರಟ ಟಾರ್ ಎಂಬ ಅಂಟು ಪದಾರ್ಥ ಪೂರ್ತಿ ಒಡೆಯದೆ ಅನಿಲದ ಜೊತೆಯಲ್ಲೇ ಎಂಜಿನ್ ಕಡೆ ಹೊರಡುತ್ತದೆ. ಅದು ಮುಂದೆ ಎಲ್ಲಿ ಕುಳಿತುಕೊಳ್ಳುತ್ತದೆ ಎನ್ನುವುದನ್ನು ನಿರ್ವಹಣೆಯ ಲೆಕ್ಕದಲ್ಲಿ ನೋಡೋಣ.

ಇನ್ನೊಂದು ಮಾತು. ಸ್ವಂತ ತೋಟದ ಮರ, ಸ್ವಂತ ತೆಂಗಿನ ಕರಟ ಇದ್ದವರು ಇಂಧನಕ್ಕೆ ಸೊನ್ನೆ ಬರೆದುಕೊಳ್ಳುತ್ತಾರೆ. ಅದು ತಪ್ಪು ಲೆಕ್ಕ. ಅದೇ ಕರಟವನ್ನು ಇದ್ದಿಲು ಮಾಡುವವರು ಗೇಟಿನ ಹತ್ತಿರ ಬಂದು ಏನು ಕೊಟ್ಟು ಒಯ್ಯುತ್ತಿದ್ದರೋ ಅದೇ ಅದರ ಬೆಲೆ. ಮಾರಿದರೆ ಬರುತ್ತಿದ್ದ ದುಡ್ಡನ್ನು ಸುಟ್ಟಿದ್ದೇವೆ ಎಂದು ಬರೆದುಕೊಂಡರೆ, ಸುಡಬೇಕೋ ಮಾರಬೇಕೋ ಎಂಬುದು ತಾನಾಗಿ ತಿಳಿಯುತ್ತದೆ.

ಶೆಡ್ಡಿನಲ್ಲಿ ಎಷ್ಟು ಜನ?

ಪ್ರತಿ ಪಾಳಿಗೆ ಒಬ್ಬ ಆಪರೇಟರ್, ಒಬ್ಬ ಹೆಲ್ಪರ್. ಇದರ ಜೊತೆಗೆ ಸೌದೆ ಕತ್ತರಿಸಿ, ಹರವಿ, ಒಣಗಿಸಲು ಇಬ್ಬರು. ಒಟ್ಟು ಆರು ಮಂದಿ. ಆಪರೇಟರ್‌ಗೆ 22,000, ಉಳಿದವರಿಗೆ 16,000 ಎಂದು ಹಿಡಿದರೆ ತಿಂಗಳಿಗೆ 1,08,000 ರೂಪಾಯಿ. ಪಿಎಫ್, ಇಎಸ್‌ಐ, ಬೋನಸ್ ಸೇರಿಸಿದರೆ ಇದರ ಮೇಲೆ ಹೆಚ್ಚುಕಡಿಮೆ ಕಾಲು ಭಾಗ ಏರುತ್ತದೆ. 1,35,000 ರೂಪಾಯಿ. ಯೂನಿಟ್‌ಗೆ 4 ರೂಪಾಯಿ 82 ಪೈಸೆ.

ಈ ಅಂಕಿ ಕಂಡ ಕೂಡಲೇ ಮಾಲೀಕರ ಕೈ ಹೆಲ್ಪರ್ ಹೆಸರಿನ ಕಡೆ ಹೋಗುತ್ತದೆ. ಒಬ್ಬನೇ ನೋಡಿಕೊಂಡರೆ ಆಗದೇ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ನಾನು ಖಂಡಿತವಾಗಿ ಬೇಡ ಎನ್ನುತ್ತೇನೆ. ಗ್ಯಾಸಿಫೈಯರ್ ಅನಿಲದಲ್ಲಿ ಸುಮಾರು ಐದನೇ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ತನ್ನದೆಂಬ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಮೇಲಿನ ಮುಚ್ಚಳ ತೆಗೆದು ಸೌದೆ ಸುರಿಯುವಾಗ, ಬೂದಿ ಎಳೆಯುವಾಗ, ಫಿಲ್ಟರ್ ಬಿಚ್ಚುವಾಗ ತಲೆ ಸುತ್ತಿ ಬಿದ್ದವನನ್ನು ಹೊರಗೆಳೆಯಲು ಇನ್ನೊಬ್ಬ ಇರಲೇಬೇಕು. ಶೆಡ್ಡಿಗೆ ಗೋಡೆ ಕಡಿಮೆ, ಗಾಳಿ ಹೆಚ್ಚು ಇರಬೇಕು. ಈ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಇರಬೇಕು. ಎರಡನೆಯ ಮನುಷ್ಯನ ಸಂಬಳವನ್ನು ಉಳಿತಾಯದ ಪಟ್ಟಿಯಲ್ಲಿ ಹುಡುಕಬಾರದು.

ಸಣ್ಣ ಘಟಕದ ಕಷ್ಟವೂ ಇದರಲ್ಲೇ ಇದೆ. 20 ಕಿಲೋವ್ಯಾಟ್ ಇದ್ದರೂ ಪಾಳಿಗೆ ಇಬ್ಬರು, 200 ಕಿಲೋವ್ಯಾಟ್ ಇದ್ದರೂ ಬಹುಮಟ್ಟಿಗೆ ಅದೇ ಇಬ್ಬರು. ಮನುಷ್ಯನನ್ನು ಅರ್ಧ ಮಾಡಲಾಗದು. ದೊಡ್ಡ ವಿದ್ಯುತ್ ಸ್ಥಾವರದಲ್ಲಿ ಯೂನಿಟ್‌ನ ಮೇಲೆ ಪೈಸೆಗಳಲ್ಲಿ ಬೀಳುವ ಸಂಬಳ ಇಲ್ಲಿ ರೂಪಾಯಿಗಳಲ್ಲಿ ಬೀಳುವುದು ಈ ಕಾರಣಕ್ಕೆ.

ಗಂಟೆಗೆ ನೂರೈವತ್ತು ರೂಪಾಯಿ

ನಿರ್ವಹಣೆಯ ಖರ್ಚು ಎರಡು ಬಗೆ. ಒಂದು ಕಣ್ಣಿಗೆ ಕಾಣುವಂಥದ್ದು. ಗ್ಯಾಸ್ ಎಂಜಿನ್ನಿಗೆ ಕೆಲವು ನೂರು ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಅನಿಲ ಸೋಸುವ ಬಟ್ಟೆ, ಗ್ಯಾಸ್ಕೆಟ್, ತೊಳೆಯುವ ನೀರಿನ ಶುದ್ಧೀಕರಣ ಇವೆಲ್ಲ ಇದರಲ್ಲಿ ಬರುತ್ತವೆ. ಎಂಜಿನ್ ತಿರುಗಿದ ಗಂಟೆಗೆ 100 ರೂಪಾಯಿ ಎಂದು ಹಿಡಿಯೋಣ.

ಇನ್ನೊಂದು ಇವತ್ತು ಕಾಣದ, ಆದರೆ ಇವತ್ತೇ ಸವೆಯುತ್ತಿರುವ ಖರ್ಚು. ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗ್, ವಾಲ್ವ್, ಬೇರಿಂಗ್ ಹಾಕುವ ಓವರ್‌ಹಾಲ್, ಒಲೆಯ ಒಳಗೋಡೆಯ ಇಟ್ಟಿಗೆ, ತಳದ ಜಾಲರಿ. ಇವೆಲ್ಲ ಸೇರಿ 12,000 ಗಂಟೆಗೊಮ್ಮೆ 6 ಲಕ್ಷ ಬೇಕು ಎಂದುಕೊಂಡರೆ ಪ್ರತಿ ಗಂಟೆಗೆ 50 ರೂಪಾಯಿ ಎತ್ತಿಡಬೇಕು. ನಮ್ಮ ಕಾರ್ಖಾನೆಯಲ್ಲಿ ಆ ದಿನ ಬರುವುದು ಎರಡೂವರೆ ವರ್ಷಕ್ಕೆ. ಎತ್ತಿಡದವರಿಗೆ ಎರಡೂವರೆ ವರ್ಷ ಯೂನಿಟ್ ಅಗ್ಗವಾಗಿಯೇ ಕಾಣುತ್ತಿರುತ್ತದೆ. ಆಮೇಲೆ ಒಂದೇ ತಿಂಗಳಲ್ಲಿ ಆರು ಲಕ್ಷ ಕೇಳಿದಾಗ, ಘಟಕವೇ ಕೆಟ್ಟದ್ದೆಂದು ಬೀಗ ಹಾಕುತ್ತಾರೆ. ಸಣ್ಣ ಘಟಕಗಳನ್ನು ಮುಚ್ಚಿಸುವ ಕಾರಣಗಳಲ್ಲಿ ಈ ಬರೆಯದ ಐವತ್ತು ರೂಪಾಯಿಯೂ ಒಂದು.

ಎರಡೂ ಸೇರಿ ಗಂಟೆಗೆ 150. ತಿಂಗಳ 400 ಗಂಟೆಗೆ 60,000. ಯೂನಿಟ್‌ಗೆ 2 ರೂಪಾಯಿ 14 ಪೈಸೆ.

ಹಸಿ ಸೌದೆಯ ಟಾರ್ ಬಂದು ಕೂರುವ ಜಾಗ ಇದೇ. ಎಂಜಿನ್ನಿಗೆ ಅನಿಲ ಹೋಗುವ ದಾರಿಯಲ್ಲಿ, ಇನ್‌ಲೆಟ್ ವಾಲ್ವ್ ಕಾಂಡದ ಮೇಲೆ ಕಪ್ಪಗೆ, ಹಲಸಿನ ಅಂಟಿನಂತೆ ಹಿಡಿದುಕೊಳ್ಳುತ್ತದೆ. ರಾತ್ರಿ ಎಂಜಿನ್ ತಣ್ಣಗಾದ ಮೇಲೆ ಅದು ಬಿಗಿಯುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ವಾಲ್ವ್ ಅಂಟಿಕೊಂಡಿರುತ್ತದೆ. ಅಲ್ಲಿಯವರೆಗೆ ಹೋಗುವ ಮುಂಚೆಯೇ ಘಟಕ ಹಲವು ಸೂಚನೆ ಕೊಡುತ್ತದೆ. ಪರೀಕ್ಷಿಸಲು ಹಚ್ಚುವ ಅನಿಲದ ಜ್ವಾಲೆ ನಿಲ್ಲದೆ ಆರುತ್ತದೆ. ಎಂಜಿನ್ ಸದ್ದು ಏರಿಳಿಯುತ್ತದೆ. ಫಿಲ್ಟರಿನ ಎರಡು ಬದಿಗೂ ಜೋಡಿಸಿದ ಯು ಆಕಾರದ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟದ ಅಂತರ ದಿನೇ ದಿನೇ ಬೆಳೆಯುತ್ತದೆ. ಆ ಗಾಜಿನ ಕೊಳವೆ ಘಟಕದಲ್ಲೇ ಅತ್ಯಂತ ಅಗ್ಗದ ಸಾಧನ. ಅದನ್ನು ಗಂಟೆಗೊಮ್ಮೆ ನೋಡಿ ಬರೆಯುವ ಆಪರೇಟರ್ ಆರು ಲಕ್ಷದ ದಿನವನ್ನು ಮುಂದೂಡುತ್ತಾನೆ.

ಲೋಡ್ ಅರ್ಧಕ್ಕೆ ಇಳಿದ ತಿಂಗಳು

ಈಗ ಮೂರನ್ನೂ ಕೂಡಿಸೋಣ. ಸೌದೆ 7.57, ಜನ 4.82, ನಿರ್ವಹಣೆ 2.14. ಒಟ್ಟು ಯೂನಿಟ್‌ಗೆ 14 ರೂಪಾಯಿ 53 ಪೈಸೆ. ಇದು ಕಾರ್ಖಾನೆ ಚೆನ್ನಾಗಿ ನಡೆದ ತಿಂಗಳ ಲೆಕ್ಕ.

ಮಳೆಗಾಲ ಬಂತು, ನಾರು ಒಣಗುವುದಿಲ್ಲ, ಆರ್ಡರ್ ಕಡಿಮೆ. ಅರ್ಧದಷ್ಟು ಯಂತ್ರಗಳು ನಿಂತಿವೆ. ಆದರೆ ರೂಢಿಯಂತೆ ಎರಡೂ ಪಾಳಿ ನಡೆಯುತ್ತಿದೆ. ಜನರೇಟರ್ ಮೇಲೆ ಸರಾಸರಿ 40 ಕಿಲೋವ್ಯಾಟ್ ಲೋಡ್ ಮಾತ್ರ. ತಿಂಗಳಿಗೆ 16,000 ಯೂನಿಟ್. ಬ್ಲೋವರ್, ಪಂಪ್‌ಗಳಿಗೆ ಲೋಡ್ ಇಳಿದದ್ದು ತಿಳಿಯುವುದಿಲ್ಲ, ಅವು ಎಂದಿನ 4,000 ಯೂನಿಟ್ ತಿನ್ನುತ್ತವೆ. ಕಾರ್ಖಾನೆಗೆ ಮುಟ್ಟಿದ್ದು 12,000. ಕಡಿಮೆ ಲೋಡಿನಲ್ಲಿ ಒಲೆಯೂ ಎಂಜಿನ್ನೂ ದಕ್ಷತೆ ಕಳೆದುಕೊಂಡು ಯೂನಿಟ್‌ಗೆ ಒಂದೂವರೆ ಕಿಲೋ ಸೌದೆ ಕೇಳುತ್ತವೆ ಎಂದು ಹಿಡಿದರೆ, ಕೊಳ್ಳಬೇಕಾದದ್ದು 33 ಟನ್. ಸೌದೆಗೆ ಯೂನಿಟ್‌ಗೆ 11 ರೂಪಾಯಿ. ಸಂಬಳ ಅದೇ 1,35,000, ಯೂನಿಟ್‌ಗೆ 11.25. ಎಂಜಿನ್ ಅದೇ 400 ಗಂಟೆ ತಿರುಗಿದೆ, ಹಾಗಾಗಿ ನಿರ್ವಹಣೆ ಅದೇ 60,000, ಯೂನಿಟ್‌ಗೆ 5 ರೂಪಾಯಿ. ಒಟ್ಟು 27 ರೂಪಾಯಿ 25 ಪೈಸೆ. ಲೋಡ್ ಅರ್ಧವಾಯಿತು, ಯೂನಿಟ್‌ನ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹೊಸಹಳ್ಳಿಯಲ್ಲಿ ಕಂಡದ್ದೇ ಇಲ್ಲೂ ಕಂಡಿತು.

ಅದೇ ತಿಂಗಳನ್ನು ಬೇರೆ ರೀತಿ ನಡೆಸಬಹುದಿತ್ತು. ಕಾರ್ಖಾನೆಗೆ ಬೇಕಾದದ್ದು 12,000 ಯೂನಿಟ್ ತಾನೆ? ಎರಡು ಪಾಳಿಗೆ ಚೆದುರಿದ ಕೆಲಸವನ್ನು ಒಂದೇ ಪಾಳಿಗೆ ತಂದು, ದಿನಕ್ಕೆ 8 ಗಂಟೆ, ತಿಂಗಳಿಗೆ 200 ಗಂಟೆ ಓಡಿಸಿದರೆ ಜನರೇಟರ್ ಮೇಲೆ 70 ಕಿಲೋವ್ಯಾಟ್ ಲೋಡ್ ಕೂರುತ್ತದೆ. ತಯಾರಾಗುವುದು 14,000 ಯೂನಿಟ್. ಘಟಕದ ಸ್ವಂತ ಖರ್ಚು ಗಂಟೆ ಅರ್ಧವಾದ್ದರಿಂದ 2,000ಕ್ಕೆ ಇಳಿಯಿತು. ಕಾರ್ಖಾನೆಗೆ ಅದೇ 12,000 ಮುಟ್ಟಿತು. ಲೋಡ್ ಚೆನ್ನಾಗಿರುವುದರಿಂದ ಯೂನಿಟ್‌ಗೆ 1.25 ಕಿಲೋ ಸೌದೆ ಸಾಕು, ಕೊಳ್ಳುವುದು 24 ಟನ್, ಯೂನಿಟ್‌ಗೆ 8 ರೂಪಾಯಿ. ಶೆಡ್ಡಿನ ಆರು ಜನರಲ್ಲಿ ಮೂವರಿಗೆ ಆ ತಿಂಗಳು ಕಾರ್ಖಾನೆಯೊಳಗೆ ಬೇರೆ ಕೆಲಸ ಕೊಟ್ಟರೆ ವಿದ್ಯುತ್ತಿನ ಲೆಕ್ಕಕ್ಕೆ ಬರುವ ಸಂಬಳ ಅರ್ಧ, ಯೂನಿಟ್‌ಗೆ 5.63. ನಿರ್ವಹಣೆ 200 ಗಂಟೆಗೆ 30,000, ಯೂನಿಟ್‌ಗೆ 2.50. ಒಟ್ಟು 16 ರೂಪಾಯಿ 13 ಪೈಸೆ.

ಯಂತ್ರ ಬದಲಾಗಲಿಲ್ಲ, ಸೌದೆಯ ದರ ಇಳಿಯಲಿಲ್ಲ, ಯಾರ ಸಂಬಳವನ್ನೂ ಕತ್ತರಿಸಲಿಲ್ಲ. ಕೆಲಸದ ವೇಳಾಪಟ್ಟಿ ಬದಲಾದದ್ದಕ್ಕೆ ಯೂನಿಟ್‌ಗೆ 11 ರೂಪಾಯಿ ಉಳಿಯಿತು. 12,000 ಯೂನಿಟ್‌ಗೆ ಅದು 1,33,500 ರೂಪಾಯಿ. ಇದರಲ್ಲಿ ಸಂಬಳದ 67,500 ನಿಜವಾದ ಉಳಿತಾಯವಾಗುವುದು ಆ ಮೂವರು ಮಾಡಿದ ಬೇರೆ ಕೆಲಸಕ್ಕೆ ಬೆಲೆ ಇದ್ದಾಗ ಮಾತ್ರ. ಸುಮ್ಮನೆ ಕೂರಿಸಿದರೆ ಆ ಖರ್ಚು ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಹೋದಂತೆ ಅಷ್ಟೆ. ಹಾಗಾದರೂ ಸೌದೆ ಮತ್ತು ನಿರ್ವಹಣೆಯಲ್ಲಿ ಉಳಿದ 66,000 ಕೈಯಲ್ಲೇ ಇರುತ್ತದೆ.

ಯಾವುದರ ಜೊತೆ ಹೋಲಿಸಬೇಕು?

14.53 ದುಬಾರಿಯೋ ಅಗ್ಗವೋ? ಅದು ಪಕ್ಕದಲ್ಲಿ ಏನಿದೆ ಎನ್ನುವುದರ ಮೇಲೆ ನಿಂತಿದೆ. ವಿದ್ಯುತ್ ಕಂಪನಿಯ ಬಿಲ್ಲಿನ ಕೊನೆಯ ಮೊತ್ತವನ್ನು, ಡಿಮ್ಯಾಂಡ್ ಶುಲ್ಕ, ತೆರಿಗೆ ಎಲ್ಲ ಸೇರಿದ್ದನ್ನು, ಬಳಸಿದ ಯೂನಿಟ್‌ಗಳಿಂದ ಭಾಗಿಸಿ ನೋಡಿ. ಎರಡು ಪಾಳಿ ಚೆನ್ನಾಗಿ ನಡೆಯುವ ಕಾರ್ಖಾನೆಗೆ ಅದು ಸಾಮಾನ್ಯವಾಗಿ ಇದಕ್ಕಿಂತ ಸಾಕಷ್ಟು ಕಡಿಮೆಯೇ ಇರುತ್ತದೆ. ಕರೆಂಟು ಇರುವ ಹೊತ್ತಿನಲ್ಲಿ ಸೌದೆ ಸುಟ್ಟು ಪೈಪೋಟಿ ಮಾಡುವುದರಲ್ಲಿ ಅರ್ಥವಿಲ್ಲ.

ಡೀಸೆಲ್ ಜೊತೆ ಹೋಲಿಸಿದರೆ ಚಿತ್ರ ಬೇರೆ. ಒಳ್ಳೆಯ ಲೋಡಿನಲ್ಲಿ ಡೀಸೆಲ್ ಜನರೇಟರ್ ಲೀಟರಿಗೆ ಸುಮಾರು ಮೂರೂವರೆ ಯೂನಿಟ್ ಕೊಡುತ್ತದೆ. ಡೀಸೆಲ್ 90 ರೂಪಾಯಿ ಎಂದರೆ ಎಣ್ಣೆಗೇ ಯೂನಿಟ್‌ಗೆ 25 ರೂಪಾಯಿ 70 ಪೈಸೆ. ಲೋಡ್ ಕಾಲು ಭಾಗಕ್ಕೆ ಇಳಿದರೆ ಲೀಟರಿಗೆ ಎರಡೂವರೆ ಯೂನಿಟ್ ಆಸುಪಾಸು ಬಂದು, 36 ರೂಪಾಯಿ ಮುಟ್ಟುತ್ತದೆ. ಲೈನ್ ಬಾರದ ಜಾಗದಲ್ಲಿ ದಿನವಿಡೀ ಡೀಸೆಲ್ ಸುಡುವವರಿಗೆ ಸೌದೆ ಘಟಕ ನಿಜವಾದ ಆಸರೆ.

ಆದರೆ ನಾಲ್ಕನೆಯ ಖರ್ಚನ್ನು ಇನ್ನೂ ಸೇರಿಸಿಲ್ಲ. ಘಟಕಕ್ಕೆ 70 ಲಕ್ಷ ಬಿತ್ತು, ಅಷ್ಟೂ ಸಾಲ, ಹತ್ತು ವರ್ಷಕ್ಕೆ ನೂರಕ್ಕೆ 11 ಬಡ್ಡಿ ಎಂದರೆ ತಿಂಗಳ ಕಂತು 96,400. ಚೆನ್ನಾಗಿ ನಡೆದ ತಿಂಗಳಲ್ಲಿ ಅದು ಯೂನಿಟ್‌ಗೆ 3 ರೂಪಾಯಿ 44 ಪೈಸೆ ಸೇರಿಸುತ್ತದೆ, ಒಟ್ಟು 18ರ ಹತ್ತಿರ. ಡೀಸೆಲ್‌ಗಿಂತ ಇನ್ನೂ ಅಗ್ಗವೇ. ಈಗ ತಿಂಗಳಿಗೆ 30 ಗಂಟೆ ಮಾತ್ರ ಕರೆಂಟು ಹೋಗುವ ಕಾರ್ಖಾನೆಯನ್ನು ನೆನೆಯಿರಿ. 30 ಗಂಟೆಗೆ 2,100 ಯೂನಿಟ್. ಕಂತು ಒಂದೇ ಯೂನಿಟ್‌ಗೆ 46 ರೂಪಾಯಿ. ಸೌದೆ ಪುಕ್ಕಟೆ ಸಿಕ್ಕರೂ ಅಲ್ಲಿ ಡೀಸೆಲ್ ಜನರೇಟರೇ ಸರಿ. ಅದಕ್ಕೆ ಹಾಕುವ ಬಂಡವಾಳ ಕಡಿಮೆ, ಜನ ಕಡಿಮೆ, ಗುಂಡಿ ಒತ್ತಿದರೆ ಓಡುತ್ತದೆ. ಕಡಿಮೆ ಗಂಟೆಗೆ ಡೀಸೆಲ್, ದಿನವಿಡೀ ಕರೆಂಟಿಲ್ಲದ ಕಡೆ ಸೌದೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ಪ್ರತಿ ಕಾರ್ಖಾನೆಯೂ ತನ್ನ ಗಂಟೆಗಳನ್ನು ಎಣಿಸಿಯೇ ಕಂಡುಕೊಳ್ಳಬೇಕು.

ಎಣಿಸಲು ಬೇಕಾದದ್ದು ಒಂದು ಲಾಗ್‌ಬುಕ್. ರಾತ್ರಿ 10ಕ್ಕೆ ಎಂಜಿನ್ ನಿಲ್ಲಿಸಿದ ಮೇಲೆ ಆಪರೇಟರ್ ಅದರಲ್ಲಿ ನಾಲ್ಕು ಅಂಕಿ ಬರೆಯಬೇಕು. ಜನರೇಟರ್ ಮೀಟರ್ ಎಷ್ಟು, ಕಾರ್ಖಾನೆಯ ಮೀಟರ್ ಎಷ್ಟು, ಎಂಜಿನ್ ಎಷ್ಟು ಗಂಟೆ ತಿರುಗಿತು, ಒಲೆಗೆ ಎಷ್ಟು ಬುಟ್ಟಿ ಸೌದೆ ಹೋಯಿತು. ಬುಟ್ಟಿಯ ತೂಕವನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಯೂನಿಟ್‌ಗೆ 1.2 ಕಿಲೋ ಇದ್ದದ್ದು 1.4 ಆದ ದಿನವೇ ಆ ಪುಟ ಹೇಳುತ್ತದೆ: ಸೌದೆ ಹಸಿಯಾಗಿದೆ, ಇಲ್ಲವೇ ಲೋಡ್ ಇಳಿದಿದೆ. ಪಕ್ಕದ ಎರಡು ಅಂಕಣ ನೋಡಿದರೆ ಯಾವುದೆಂದೂ ಗೊತ್ತಾಗುತ್ತದೆ. ತಿಂಗಳ ಕೊನೆಗೆ ಆಫೀಸಿನಲ್ಲಿ ಕುಳಿತು ಮಾಡುವ ಭಾಗಾಕಾರ ಆಗಿಹೋದ ಖರ್ಚನ್ನು ತಿಳಿಸುತ್ತದೆ. ಶೆಡ್ಡಿನ ಗೋಡೆಗೆ ತೂಗುಹಾಕಿದ ಈ ಪುಸ್ತಕ, ನಾಳೆ ಬೆಳಗ್ಗೆ 6ಕ್ಕೆ ಒಂದು ಪಾಳಿಯೋ ಎರಡು ಪಾಳಿಯೋ ಎಂದು ತೀರ್ಮಾನಿಸಲು ಇವತ್ತು ರಾತ್ರಿಯೇ ನೆರವಾಗುತ್ತದೆ.